ಒಂದೇ ಫೋಟೊದಲ್ಲಿ ಮನೆಗೆ ಮೂರು ಬಣ್ಣ

ಮನೆಯ ಹೊರಗೋಡೆಗೆ ಬಣ್ಣ ಬಳಿಸುವ ಮುನ್ನ ಆ ಮನೆಯ ಫೋಟೊದ ಮೇಲೆಯೇ ಬೇರೆ ಬೇರೆ ಬಣ್ಣಗಳನ್ನು ಕೂಡಿಸಿ ನೋಡುವ ಪದ್ಧತಿ ಇದೆ. ಮೂರು ಬಣ್ಣಯೋಜನೆಗಳನ್ನು ಒಂದರ ಪಕ್ಕ ಒಂದಿಟ್ಟು ಮನೆಯವರಿಗೆ ತೋರಿಸಿದಾಗ, ಶೇಡ್ ಕಾರ್ಡಿನ ಬೆರಳಗಲದ ಚೂರಿನಿಂದ ಇಡೀ ಮನೆಯನ್ನು ಊಹಿಸಿಕೊಳ್ಳುವ ಕಷ್ಟ ಅವರಿಗೆ ತಪ್ಪುತ್ತದೆ. ಆದರೆ ಈ ಹೋಲಿಕೆ ನ್ಯಾಯವಾಗಿರಬೇಕಾದರೆ ಮೂರು ಚಿತ್ರಗಳಲ್ಲಿ ಬಣ್ಣವೊಂದನ್ನು ಬಿಟ್ಟು ಬೇರೇನೂ ಬದಲಾಗಬಾರದು. ಫೋಟೊ, ಬೆಳಕು, ಆಕಾಶ, ಅಳತೆ ಎಲ್ಲವೂ ಒಂದೇ ಇರಬೇಕು.

ಉದಾಹರಣೆಗೆ 30×40 ಅಡಿ ನಿವೇಶನದಲ್ಲಿ ಕಟ್ಟಿದ, ಪೂರ್ವಕ್ಕೆ ಮುಖ ಮಾಡಿದ ಎರಡಂತಸ್ತಿನ ಮನೆಯೊಂದನ್ನು ತೆಗೆದುಕೊಳ್ಳಬಹುದು. ಗೋಡೆಯಲ್ಲಿ ಹಳೆಯ, ಮಾಸಿದ ಕೆನೆಬಣ್ಣ ಇದೆ. ಕಿಟಕಿಗಳ ಮೇಲೆ ಸಜ್ಜಾ, ಮೇಲೆ ಪ್ಯಾರಪೆಟ್, ಬಾಲ್ಕನಿಗೆ ಕಬ್ಬಿಣದ ಗ್ರಿಲ್, ಮುಂದೆ ಕಾಂಪೌಂಡ್ ಗೋಡೆ ಮತ್ತು ಗೇಟು ಇವೆ.

ಕೆಲಸ ಫೋಟೊದಿಂದ ಶುರುವಾಗುತ್ತದೆ. ಪೂರ್ವದ ಗೋಡೆಯ ಮೇಲೆ ಬೆಳಗಿನ ನೇರ ಬಿಸಿಲು ಬಿದ್ದಾಗ ಸಜ್ಜಾಗಳ ಕೆಳಗೆ ಕಡುನೆರಳು ಮೂಡಿ, ಅರ್ಧ ಗೋಡೆ ಕತ್ತಲಲ್ಲಿ ಮುಚ್ಚಿಹೋಗುತ್ತದೆ. ತೆಳು ಮೋಡ ಕವಿದ ಹೊತ್ತಿನಲ್ಲಿ ತೆಗೆದ ಫೋಟೊ ಇದಕ್ಕೆ ಹೆಚ್ಚು ಅನುಕೂಲ. ಮೊಬೈಲಿನ ಅಗಲ ಲೆನ್ಸ್ ಹಿಡಿದು ಹತ್ತಿರದಿಂದ ತೆಗೆದರೆ ಗೋಡೆಗಳು ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿದಂತೆ ಕಾಣುತ್ತವೆ. ಆದ್ದರಿಂದ ರಸ್ತೆಯ ಎದುರು ಬದಿಯಿಂದ, ಸಾಧ್ಯವಾದರೆ ಎದುರುಮನೆಯ ಮೊದಲ ಮಹಡಿಯಿಂದ ಮೊಬೈಲನ್ನು ನೇರವಾಗಿ ಹಿಡಿದು ತೆಗೆಯಬೇಕು. ಅಕ್ಕಪಕ್ಕದ ಮನೆಗಳ ಅಂಚು ಚಿತ್ರದೊಳಗೆ ಇರಲಿ, ಏಕೆಂದರೆ ಹೊಸ ಬಣ್ಣ ನಾಳೆ ಕಾಣುವುದು ಅವುಗಳ ಜೊತೆಯಲ್ಲೇ. ಫೋಟೊ ತೆಗೆಯುವ ಮುನ್ನ ಗೋಡೆಗೆ ಒಂದು ದೊಡ್ಡ ಬಿಳಿ ಹಾಳೆ ಅಂಟಿಸುವುದೂ ಒಳ್ಳೆಯದು. ಆ ದಿನದ ಬೆಳಕಿನಲ್ಲಿ ನಿಜವಾದ ಬಿಳುಪು ಎಷ್ಟು ಬೆಳಗುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಮುಂದಿನದು ಭಾಗಗಳನ್ನು ಬೇರ್ಪಡಿಸುವುದು. ಫೋಟೊಶಾಪ್ ಅಥವಾ ಉಚಿತವಾಗಿ ಸಿಗುವ ಗಿಂಪ್‌ನಂಥ ತಂತ್ರಾಂಶದಲ್ಲಿ ಮುಖ್ಯ ಗೋಡೆ, ಸಜ್ಜಾ ಮತ್ತು ಪಟ್ಟಿಗಳು, ಪ್ಯಾರಪೆಟ್, ಗ್ರಿಲ್ ಮತ್ತು ಗೇಟು, ಕಾಂಪೌಂಡ್ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಮಾಸ್ಕ್ ಕತ್ತರಿಸಿಕೊಳ್ಳಲಾಗುತ್ತದೆ. ಹೆಚ್ಚು ಹೊತ್ತು ಹಿಡಿಯುವುದು ಇಲ್ಲಿಯೇ. ಗ್ರಿಲ್ ಸರಳುಗಳ ನಡುವೆ ಕಾಣುವ ಗೋಡೆಯನ್ನೂ ಮರದ ಎಲೆಗಳ ಸಂದಿಯನ್ನೂ ಬಿಟ್ಟರೆ ಅಲ್ಲಿ ಹಳೆಯ ಬಣ್ಣ ಇಣುಕಿ ಚಿತ್ರ ನಕಲಿಯೆಂದು ತಕ್ಷಣ ಗೊತ್ತಾಗುತ್ತದೆ. ಆದರೆ ಒಮ್ಮೆ ಕತ್ತರಿಸಿದ ಮಾಸ್ಕ್‌ಗಳು ಮೂರು ಯೋಜನೆಗಳಿಗೂ ಸಾಕು.

ಬಣ್ಣ ತುಂಬುವಾಗ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಗೋಡೆಯ ನೆರಳು, ಗಾರೆಯ ತರಿ ಉಳಿಯಲೆಂದು ಹೊಸ ಬಣ್ಣದ ಪದರವನ್ನು `Multiply` ಎಂಬ ಕ್ರಮದಲ್ಲಿ ಇಡುವುದು ವಾಡಿಕೆ. ಈ ಕ್ರಮ ಕೆಳಗಿನ ಹೊಳಪಿನಿಂದ ಮೇಲಿನ ಬಣ್ಣವನ್ನು ಗುಣಿಸುತ್ತದೆ. ಹೀಗಾಗಿ ಬಣ್ಣ ಗಾಢವಾಗಬಹುದೇ ಹೊರತು ಎಂದಿಗೂ ತಿಳಿಯಾಗದು. ಕಂಪ್ಯೂಟರಿನ 0ಯಿಂದ 255ರ ಅಳತೆಯಲ್ಲಿ ನಮ್ಮ ಮಾಸಿದ ಗೋಡೆಯ ಹೊಳಪು 170 ಇದೆ ಎಂದುಕೊಂಡರೆ, ಅದರ ಮೇಲೆ 235 ಹೊಳಪಿನ ತಿಳಿಬಣ್ಣ ಇಟ್ಟಾಗ ಸಿಗುವುದು 235 × 170 ÷ 255, ಅಂದರೆ ಸುಮಾರು 157. ಕೆನೆಬಿಳುಪು ಬಯಸಿದಲ್ಲಿ ಕೊಳೆಗಟ್ಟಿದ ಬೂದು ಕಾಣುತ್ತದೆ. ಮನೆಯವರು ಅದನ್ನು ನೋಡಿ ತಿಳಿಬಣ್ಣವೇ ಬೇಡ ಎಂದುಬಿಡುತ್ತಾರೆ.

ಇಲ್ಲಿ ಬಿಳಿ ಹಾಳೆ ನೆರವಿಗೆ ಬರುತ್ತದೆ. ಫೋಟೊದಲ್ಲಿ ಹಾಳೆಯ ಹೊಳಪು 230 ಇದ್ದರೆ, ಗೋಡೆಗೆ ಬಿಳಿ ಪ್ರೈಮರ್ ಹೊಡೆದಿದ್ದಾಗಲೂ ಅದು ಸುಮಾರು ಅಷ್ಟೇ ಬೆಳಗುತ್ತಿತ್ತು ಎಂದರ್ಥ. ಮೊದಲು ಗೋಡೆಯ ಭಾಗದಿಂದ ಹಳೆಯ ಬಣ್ಣವನ್ನು ಪೂರ್ತಿ ತೆಗೆದು ಕಪ್ಪುಬಿಳುಪು ಮಾಡಬೇಕು. ಅನಂತರ `Levels` ಎಂಬಲ್ಲಿ ಬಿಳುಪಿನ ಗುರುತನ್ನು 255ರಿಂದ 188ಕ್ಕೆ ತಂದರೆ 170 ಇದ್ದದ್ದು 230ಕ್ಕೆ ಏರುತ್ತದೆ. ನೆರಳಿನ ಭಾಗವೂ ಅದೇ ಪ್ರಮಾಣದಲ್ಲಿ ಏರುವುದರಿಂದ ಬೆಳಕು ನೆರಳಿನ ಅಂತರ ಕೆಡುವುದಿಲ್ಲ. ಈಗ ಅದೇ ತಿಳಿಬಣ್ಣ 212ರ ಹೊಳಪಿನಲ್ಲಿ, ಗೋಡೆಯ ಮೇಲೆ ನಿಜಕ್ಕೂ ಬಳಿದಂತೆ ಕಾಣುತ್ತದೆ.

ಮೂರು ಯೋಜನೆಗಳು ಒಂದಕ್ಕೊಂದು ಸ್ಪಷ್ಟವಾಗಿ ಬೇರೆಯಾಗಿರಬೇಕು. ಕೆನೆಯ ಮೂರು ಛಾಯೆಗಳನ್ನು ಮುಂದಿಟ್ಟರೆ ಅದು ಆಯ್ಕೆಯೇ ಅಲ್ಲ. ಈ ಮನೆಗೆ ಮೊದಲನೆಯದು ಕೆನೆಬಿಳುಪು ಗೋಡೆ ಮತ್ತು ಬೂದು ಪಟ್ಟಿ. ಎರಡನೆಯದು ತಿಳಿ ಇಟ್ಟಿಗೆಗೆಂಪು ಗೋಡೆ ಮತ್ತು ಕೆನೆಬಣ್ಣದ ಸಜ್ಜಾ. ಮೂರನೆಯದು ಹಸಿರು ಬೆರೆತ ಬೂದು ಗೋಡೆ ಮತ್ತು ಬಿಳಿ ಪಟ್ಟಿ. ಗ್ರಿಲ್ ಮತ್ತು ಗೇಟಿನ ಕಪ್ಪನ್ನು ಮೂರರಲ್ಲೂ ಹಾಗೆಯೇ ಉಳಿಸಿದರೆ ಕಣ್ಣು ಗೋಡೆಯ ಮೇಲೆಯೇ ನಿಲ್ಲುತ್ತದೆ.

ಪಕ್ಕಪಕ್ಕ ಇಡುವುದರಲ್ಲೂ ಒಂದು ಅಪಾಯ ಇದೆ. ಒಂದು ಬಣ್ಣ ಪಕ್ಕದ ಬಣ್ಣವನ್ನು ಬದಲಿಸಿ ತೋರಿಸುತ್ತದೆ. ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೊಲ್ 1839ರ ತನ್ನ ಗ್ರಂಥದಲ್ಲಿ ಇದನ್ನು ವಿವರವಾಗಿ ನಿರೂಪಿಸಿದ. ಇಟ್ಟಿಗೆಗೆಂಪು ಮನೆಯ ಪಕ್ಕದಲ್ಲಿ ಹಸಿರುಬೂದು ಮನೆ ಇನ್ನಷ್ಟು ಹಸಿರಾಗಿ ಕಾಣುವುದು ಇದೇ ಕಾರಣದಿಂದ. ಚಿತ್ರಗಳ ನಡುವೆ ಅಗಲವಾದ ಬೂದು ಜಾಗ ಬಿಟ್ಟರೆ ಇದು ತಗ್ಗುತ್ತದೆ. ಅದೇ ಮೂರನ್ನು ಬೇರೆ ಅನುಕ್ರಮದಲ್ಲಿಟ್ಟ ಇನ್ನೊಂದು ಹಾಳೆಯೂ ಇರಲಿ, ಆಗ ನಡುವೆ ಇರುವ ಚಿತ್ರಕ್ಕೆ ಸಿಗುವ ಹೆಚ್ಚಿನ ಗಮನ ಸರಿದೂಗುತ್ತದೆ. ಎ3 ಹಾಳೆಯಲ್ಲಿ ಒಂದೇ ಅಳತೆಗೆ ಮುದ್ರಿಸಿ, ಪ್ರತಿಯೊಂದರ ಕೆಳಗೆ ಯಾವ ಭಾಗಕ್ಕೆ ಯಾವ ಶೇಡ್ ಎಂದು ಕಂಪನಿಯ ಕೋಡ್ ಸಮೇತ ಬರೆಯಬೇಕು. ವಾಟ್ಸಾಪ್‌ನಲ್ಲಿ ಕಳಿಸಿದರೆ ಮನೆಯ ನಾಲ್ವರು ನಾಲ್ಕು ಮೊಬೈಲ್‌ಗಳಲ್ಲಿ ನಾಲ್ಕು ಬಗೆಯ ಬಣ್ಣ ನೋಡುತ್ತಾರೆ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಗೆ ತಿರುಗಿಸಿಕೊಂಡಿದ್ದರಂತೂ ಕೆನೆಬಿಳುಪು ಯಾವುದೆಂದೇ ತಿಳಿಯದು.

ಚಿತ್ರ ತೋರಿಸಲಾಗದ ಸಂಗತಿಗಳನ್ನೂ ಅದೇ ಹಾಳೆಯಲ್ಲಿ ಒಂದೊಂದು ಸಾಲಿನಲ್ಲಿ ಹೇಳಬೇಕು. ಕೆನೆಬಿಳುಪಿನ ಮೇಲೆ ಪ್ಯಾರಪೆಟ್ಟಿನಿಂದ ಇಳಿಯುವ ಮಳೆನೀರಿನ ಕಪ್ಪು ಗೆರೆಗಳು ಬೇಗ ಎದ್ದು ಕಾಣುತ್ತವೆ. ಇಟ್ಟಿಗೆಗೆಂಪಿಗೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್ ಬಳಸುವುದರಿಂದ ಅದು ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಬಣ್ಣ ಗಾಢವಾದಷ್ಟೂ ಗೋಡೆ ಹೆಚ್ಚು ಕಾಯುತ್ತದೆ.

ನೋಡಿದ ಮೇಲೆ ಮನೆಯವರು ಎರಡನೆಯದರ ಗೋಡೆ, ಮೂರನೆಯದರ ಪಟ್ಟಿ ಬೇಕೆಂದು ಕೇಳುವುದುಂಟು. ಮಾಸ್ಕ್‌ಗಳು ಸಿದ್ಧವಿರುವುದರಿಂದ ಅದನ್ನು ಕೆಲವೇ ನಿಮಿಷಗಳಲ್ಲಿ ಮಾಡಿ ತೋರಿಸಬಹುದು. ಆದರೆ ಅದು ನಾಲ್ಕನೆಯದಾಗಿ ಸೇರಬಾರದು, ಬಿಟ್ಟುಕೊಟ್ಟ ಒಂದರ ಜಾಗಕ್ಕೆ ಬರಬೇಕು.

ಚಿತ್ರದಿಂದ ತೀರ್ಮಾನವಾಗುವುದು ಯಾವ ಬಣ್ಣದ ಬಳಗ ಎಂಬುದು ಮಾತ್ರ, ಖಚಿತವಾದ ಶೇಡ್ ಅಲ್ಲ. ಸ್ವೀಡನ್ನಿನ ಕರಿನ್ ಫ್ರಿಡೆಲ್ ಆಂಟರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಯಲಿನಲ್ಲಿ ಕಾಣುವ ಗೋಡೆಯಲ್ಲಿ ಶೇಡ್ ಕಾರ್ಡಿಗಿಂತ ಕಪ್ಪಿನ ಅಂಶ ಕಡಿಮೆಯಾಗಿ, ಬಣ್ಣದ ಅಂಶ ಸಾಮಾನ್ಯವಾಗಿ ಹೆಚ್ಚಾಗಿ ತೋರುತ್ತದೆ. ಕೈಯಲ್ಲಿ ಹಿತವೆನಿಸಿದ ಇಟ್ಟಿಗೆಗೆಂಪು ಗೋಡೆಯ ಮೇಲೆ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಹಾಗಾಗಿ ಆರಿಸಿದ ಶೇಡನ್ನೂ ಅದಕ್ಕಿಂತ ಒಂದು ಮೆಟ್ಟಿಲು ಬೂದಾದ ಇನ್ನೊಂದನ್ನೂ ಮೂರಡಿ ಚೌಕಗಳಲ್ಲಿ, ಬಿಳಿ ಪ್ರೈಮರಿನ ಮೇಲೆ ಎರಡು ಕೋಟ್ ಬಳಿಸಬೇಕು. ಒಂದು ಜೋಡಿ ಬಿಸಿಲು ಬೀಳುವ ಗೋಡೆಯಲ್ಲಿ, ಇನ್ನೊಂದು ಬಾಲ್ಕನಿಯ ನೆರಳಿನಲ್ಲಿ. ಪೂರ್ತಿ ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಒಪ್ಪಿದ ಕೋಡನ್ನು ಅದೇ ಹಾಳೆಯಲ್ಲಿ ಗುರುತಿಸಿ, ಮನೆಯವರ ಸಹಿ ಪಡೆದು, ಒಂದು ಪ್ರತಿಯನ್ನು ಪೇಂಟರ್ ಕೈಗೆ ಕೊಡಬೇಕು.