ಯಾವ ತುದಿಯಿಂದ ಓದಬೇಕು?

ಡಿಎನ್‌ಎಯ ಒಂದು ಎಳೆ ಕೊಟ್ಟು, ಅದರಿಂದ ಎಂಆರ್‌ಎನ್‌ಎ ಬರೆಯಿರಿ, ಆಮೇಲೆ ಅಮೈನೊ ಆಮ್ಲಗಳನ್ನು ಹೆಸರಿಸಿ ಎಂಬ ಪ್ರಶ್ನೆ ಜೀವಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಬಹಳ ಸಲ ಆ ಅಕ್ಷರಗಳು ಲೆಕ್ಕಕ್ಕೆಂದೇ ಹೊಸೆದವಾಗಿರುತ್ತವೆ. ನಾವಿಲ್ಲಿ ನಮ್ಮ ಮೈಯೊಳಗಿನ ಎಳೆಯನ್ನೇ ತೆಗೆದುಕೊಳ್ಳೋಣ. ರಕ್ತದ ಹಿಮೊಗ್ಲೋಬಿನ್‌ನಲ್ಲಿ ಬೀಟಾ ಗ್ಲೋಬಿನ್ ಎಂಬ ಪ್ರೋಟೀನ್ ಸರಪಳಿಯಿದೆ. ಅದರ ಜೀನ್ ಇರುವುದು 11ನೇ ಕ್ರೋಮೊಸೋಮಿನಲ್ಲಿ. ಪ್ರೋಟೀನ್ ಶುರುವಾಗುವ ಜಾಗದಲ್ಲಿ ಅಚ್ಚಿನ ಎಳೆ, ಅಂದರೆ ಯಾವುದನ್ನು ನೋಡಿಕೊಂಡು ಆರ್‌ಎನ್‌ಎ ತಯಾರಾಗುತ್ತದೋ ಆ ಎಳೆ, ಹೀಗಿದೆ:

```
3'-TAC CAC GTA GAC TGA GGA CTC CTC TTC AGA-5'
```

ಅಕ್ಷರಗಳಿಗಿಂತ ಮೊದಲು ಕಣ್ಣು ಹೋಗಬೇಕಾದದ್ದು ಎರಡು ತುದಿಯ ಅಂಕಿಗಳ ಮೇಲೆ. ಅವು ಡಿಎನ್‌ಎಯ ಬೆನ್ನೆಲುಬಾದ ಸಕ್ಕರೆಯ ಇಂಗಾಲಗಳಿಗೆ ಕೊಟ್ಟ ಸಂಖ್ಯೆಗಳು. ಐದನೇ ಇಂಗಾಲಕ್ಕೆ ಫಾಸ್ಫೇಟ್ ಅಂಟಿರುತ್ತದೆ, ಮೂರನೆಯದು ಮುಂದಿನ ಕೊಂಡಿಗೆ ಕೈಚಾಚಿರುತ್ತದೆ. ಆರ್‌ಎನ್‌ಎ ಕಟ್ಟುವ ಪಾಲಿಮರೇಸ್ ಎಂಬ ಕಿಣ್ವ ಹೊಸ ಕೊಂಡಿಯನ್ನು 3' ತುದಿಗೆ ಮಾತ್ರ ಸೇರಿಸಬಲ್ಲದು. ಹಾಗಾಗಿ ಹೊಸ ಎಳೆ ಯಾವತ್ತೂ 5' ಕಡೆಯಿಂದ 3' ಕಡೆಗೆ ಬೆಳೆಯುತ್ತದೆ. ಜೋಡಿಯಾಗುವ ಎಳೆಗಳು ಒಂದಕ್ಕೊಂದು ತಲೆಕೆಳಗಾಗಿ ಮಲಗುವುದರಿಂದ ಅಚ್ಚಿನ ಎಳೆಯನ್ನು ಕಿಣ್ವ 3' ತುದಿಯಿಂದ ಓದುತ್ತಾ ಹೋಗುತ್ತದೆ. ಮೇಲಿನ ಸಾಲಿನಲ್ಲಿ ಆ ತುದಿ ಎಡಗಡೆಗಿದೆ. ಆದ್ದರಿಂದ ಎಡದಿಂದಲೇ ಜೋಡಿ ಹಾಕಬಹುದು. Gಗೆ C, Cಗೆ G, Tಗೆ A. ಅಚ್ಚಿನಲ್ಲಿ A ಬಂದಲ್ಲಿ ಆರ್‌ಎನ್‌ಎಯಲ್ಲಿ U.

```
5'-AUG GUG CAU CUG ACU CCU GAG GAG AAG UCU-3'
```

ಇನ್ನು ಕೋಡಾನ್ ಪಟ್ಟಿ ತೆರೆದು ಮೂರು ಮೂರು ಅಕ್ಷರ ಓದಿದರೆ ಮೆಥಿಯೊನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೊನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ, ಮತ್ತೆ ಗ್ಲುಟಾಮಿಕ್ ಆಮ್ಲ, ಲೈಸಿನ್, ಸೆರಿನ್. ಮುಂದೆ ಜೀವಕೋಶ ಮೊದಲಿನ ಮೆಥಿಯೊನಿನ್ನನ್ನು ಕತ್ತರಿಸಿ ಹಾಕುತ್ತದೆ. ಆದ್ದರಿಂದ ವೈದ್ಯರು ಈ ಪ್ರೋಟೀನಿನ ಸ್ಥಾನಗಳನ್ನು ಎಣಿಸುವ ವಾಡಿಕೆ ವ್ಯಾಲಿನ್‌ನಿಂದ. ಕೊನೆಗೆ ಉಳಿಯುವ ಸರಪಳಿಯ ಉದ್ದ 146 ಅಮೈನೊ ಆಮ್ಲ.

ಪಟ್ಟಿಯನ್ನು ನೋಡಬೇಕಾದದ್ದು ಎಂಆರ್‌ಎನ್‌ಎಯ ಕೋಡಾನ್ ಹಿಡಿದು. ಟಿಆರ್‌ಎನ್‌ಎಯಲ್ಲಿರುವ ಪ್ರತಿಕೋಡಾನ್ ಹಿಡಿದು ನೋಡಿದರೆ ಉತ್ತರ ಕೆಡುತ್ತದೆ. AUGಗೆ ಎದುರಾಗಿ ಕೂರುವ ಪ್ರತಿಕೋಡಾನ್ UAC. ಅದನ್ನೇ ಪಟ್ಟಿಯಲ್ಲಿ ಹುಡುಕಿದರೆ ಟೈರೊಸಿನ್ ಸಿಗುತ್ತದೆ. ಅಲ್ಲಿಗೆ ಮೊದಲ ಹೆಜ್ಜೆಯೇ ತಪ್ಪಿತು.

ಇದಕ್ಕಿಂತ ಮೋಸದ ತಪ್ಪು ದಿಕ್ಕಿನದು. ಅದೇ ಅಚ್ಚಿನ ಎಳೆಯನ್ನು ಪ್ರಶ್ನೆ ಕೇಳುವವರು ತಿರುಗಿಸಿ ಕೊಟ್ಟರೆ ಹೀಗೆ ಕಾಣುತ್ತದೆ:

```
5'-AGA CTT CTC CTC AGG AGT CAG ATG CAC CAT-3'
```

ಅಂಕಿಗಳನ್ನು ಗಮನಿಸದೆ ಎಡದಿಂದ ಜೋಡಿ ಹಾಕಿದವರಿಗೆ UCU GAA GAG ಎಂದು ಶುರುವಾಗುವ ಸಾಲು ಸಿಗುತ್ತದೆ. ಅದನ್ನು ಓದಿದರೆ ಸೆರಿನ್, ಗ್ಲುಟಾಮಿಕ್ ಆಮ್ಲ ಎಂದು ಹತ್ತೂ ಅಮೈನೊ ಆಮ್ಲಗಳು ಸಲೀಸಾಗಿ ಬಂದುಬಿಡುತ್ತವೆ. ನಡುವೆ ನಿಲುಗಡೆಯ ಕೋಡಾನ್ ಕೂಡ ಅಡ್ಡ ಬರುವುದಿಲ್ಲ. ಉತ್ತರ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಅದರಲ್ಲಿ ಎಲ್ಲೂ AUG ಇಲ್ಲ. ಅನುಮಾನ ಹುಟ್ಟಬೇಕಾದದ್ದು ಅಲ್ಲೇ. ಹಾಗೆಂದು AUG ಕಂಡಿತೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ತಿರುಗಿಸಿ ಬರೆದ ಸಾಲಿನ ಕೊನೆಯ ಭಾಗ ನೋಡಿ, ಅಲ್ಲಿ ATG CAC CAT ಇದೆ. ಇದು ಅಚ್ಚಲ್ಲ, ಅದರ ಜೊತೆಯ ಎಳೆ ಎಂದು ಭಾವಿಸಿ T ಇದ್ದಲ್ಲೆಲ್ಲ U ಬರೆದವರಿಗೆ ಮೆಥಿಯೊನಿನ್ ಸಿಕ್ಕೇ ಸಿಗುತ್ತದೆ. ಅದಕ್ಕೇ ಕೊಟ್ಟದ್ದು ಯಾವ ಎಳೆ, ಅದರ ತುದಿಗಳು ಯಾವುವು ಎಂಬುದನ್ನು ಹೇಳದ ಪ್ರಶ್ನೆಯನ್ನು ನಾನು ಅಪೂರ್ಣ ಪ್ರಶ್ನೆ ಎಂದೇ ಎಣಿಸುತ್ತೇನೆ.

ಜೀವಕೋಶದ ಕೆಲಸ ಪರೀಕ್ಷೆಯ ಲೆಕ್ಕಕ್ಕಿಂತ ಉದ್ದ. ನಿಜವಾದ ಬೀಟಾ ಗ್ಲೋಬಿನ್ ಎಂಆರ್‌ಎನ್‌ಎ AUGಯಿಂದ ಶುರುವಾಗುವುದಿಲ್ಲ. ಅದರ ಮುಂದೆ ಸುಮಾರು 50 ಅಕ್ಷರಗಳಿವೆ. ರೈಬೊಸೋಮ್ ಅಷ್ಟನ್ನೂ ದಾಟಿ ಬಂದು AUG ಸಿಕ್ಕ ಮೇಲೆ ಮೂರು ಮೂರರ ಎಣಿಕೆ ಹಿಡಿಯುತ್ತದೆ. ಜೀನ್‌ನಲ್ಲಿ ಎರಡು ಕಡೆ ಪ್ರೋಟೀನಿಗೆ ಬೇಡದ ಭಾಗಗಳೂ ಇದ್ದು, ಆರ್‌ಎನ್‌ಎಯಿಂದ ಅವನ್ನು ಮೊದಲೇ ಕತ್ತರಿಸಿ ತೆಗೆಯಲಾಗುತ್ತದೆ. ನಾವು ಆರಿಸಿದ ತುಣುಕಿನಲ್ಲಿ ಅಂಥ ಭಾಗವಿಲ್ಲ, ಹಾಗಾಗಿ ನಮ್ಮ ಲೆಕ್ಕ ಕೆಡುವುದಿಲ್ಲ.

ಈಗ ಅಚ್ಚಿನ ಎಳೆಯ ಏಳನೇ ತ್ರಿವಳಿಯಾದ CTCಯಲ್ಲಿ ನಡುವಿನ T ಬದಲು A ಬಂದಿದೆ ಎಂದುಕೊಳ್ಳಿ. ಎಂಆರ್‌ಎನ್‌ಎಯಲ್ಲಿ GAG ಹೋಗಿ GUG ಆಗುತ್ತದೆ. ವ್ಯಾಲಿನ್‌ನಿಂದ ಎಣಿಸಿದರೆ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದು ಕೂರುತ್ತದೆ. ಇದೇ ಕುಡುಗೋಲು ಕಣ ರೋಗದ ಮೂಲ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಾವೇಶವಿದೆ, ಅದು ನೀರಿನ ಜೊತೆ ಹೊಂದಿಕೊಳ್ಳುತ್ತದೆ. ವ್ಯಾಲಿನ್ ನೀರಿನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಹಿಮೊಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟಾಗ ಈ ವ್ಯಾಲಿನ್ ಪಕ್ಕದ ಹಿಮೊಗ್ಲೋಬಿನ್‌ನ ಒಂದು ಗುಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಒಂದಕ್ಕೊಂದು ಅಂಟಿ ನಾರುಗಳಾಗಿ ಬೆಳೆದು ಕೆಂಪು ರಕ್ತಕಣವನ್ನು ಬಾಗಿಸುತ್ತವೆ. ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್ ಈ ಒಂದು ಅಮೈನೊ ಆಮ್ಲದ ವ್ಯತ್ಯಾಸವನ್ನು 1957ರಲ್ಲಿ ತೋರಿಸಿದಾಗ ಕೋಡಾನ್ ಪಟ್ಟಿಯೇ ಇರಲಿಲ್ಲ. ಪಟ್ಟಿಯ ಮೊದಲ ಕೋಡಾನ್ ಬಿಡಿಸಿದ್ದು 1961ರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲೂ ಈ ರೋಗವಿದೆ. ಅದೇ GAGಯ ಕೊನೆಯ ಅಕ್ಷರ ಬದಲಾಗಿ GAA ಆಗಿದ್ದರೆ ಆಗಲೂ ಗ್ಲುಟಾಮಿಕ್ ಆಮ್ಲವೇ ಬರುತ್ತಿತ್ತು, ಪ್ರೋಟೀನಿನಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಅಕ್ಷರ ಬದಲಾಗುವುದು ಬೇರೆ, ಹೊಸ ಅಕ್ಷರವೊಂದು ನುಸುಳುವುದು ಬೇರೆ. ಭಾರತದಲ್ಲಿ ಬೀಟಾ ಥಲಸೇಮಿಯಾ ತರುವ ಸಾಮಾನ್ಯ ಮ್ಯುಟೇಷನ್‌ಗಳಲ್ಲಿ ಒಂದು ಇದೇ ತುಣುಕಿನಲ್ಲಿದೆ. ಎಂಟನೇ ಸ್ಥಾನದ ಲೈಸಿನ್ ಮತ್ತು ಒಂಬತ್ತನೇ ಸ್ಥಾನದ ಸೆರಿನ್ ನಡುವೆ ಒಂದು G ಹೆಚ್ಚಾಗಿ ಸೇರಿರುತ್ತದೆ.

```
AAG UCU GCC GUU ACU GCC
AAG GUC UGC CGU UAC UGC
```

ಮೇಲಿನದು ಸರಿಯಾದ ಸಾಲು, ಕೆಳಗಿನದು G ನುಸುಳಿದ ಸಾಲು. ಲೈಸಿನ್ ತನಕ ಎರಡೂ ಒಂದೇ. ಅಲ್ಲಿಂದಾಚೆ ಸೆರಿನ್, ಅಲನಿನ್, ವ್ಯಾಲಿನ್ ಬರಬೇಕಾದಲ್ಲಿ ವ್ಯಾಲಿನ್, ಸಿಸ್ಟೀನ್, ಆರ್ಜಿನಿನ್ ಬರುತ್ತವೆ. ಅಕ್ಷರಗಳು ಹಳೆಯವೇ, ಮೂರರ ಗುಂಪು ಮಾತ್ರ ಒಂದೊಂದು ಅಕ್ಷರ ಸರಿದಿದೆ. ಹೀಗೆ ಸರಿದ ಎಣಿಕೆಯಲ್ಲೇ ಮುಂದೆ ಹೋದರೆ 22ನೇ ಸ್ಥಾನದಲ್ಲಿ UGA ಎದುರಾಗುತ್ತದೆ. ಮೂಲ ಸಾಲಿನಲ್ಲಿ GAU GAA ಎಂಬ ಎರಡು ಕೋಡಾನ್‌ಗಳಲ್ಲಿ ಹಂಚಿಹೋಗಿದ್ದ ಅಕ್ಷರಗಳು ಒಂದೇ ಗುಂಪಿಗೆ ಸೇರಿ ನಿಲುಗಡೆಯಾಗಿಬಿಡುತ್ತವೆ. ರೈಬೊಸೋಮ್ ಅಲ್ಲಿಗೆ ಕೆಲಸ ಮುಗಿಸುತ್ತದೆ. 146ರ ಸರಪಳಿ 21ಕ್ಕೇ ತುಂಡಾಗಿ ಯಾವ ಉಪಯೋಗಕ್ಕೂ ಬಾರದಂತಾಗುತ್ತದೆ. ಜೊತೆ ಸಿಗದ ಆಲ್ಫಾ ಸರಪಳಿಗಳು ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ರಕ್ತಕಣಗಳೊಳಗೆ ಗಟ್ಟಿಗಟ್ಟಿ ಅವನ್ನು ಕೊಲ್ಲುತ್ತವೆ. ತಂದೆ ತಾಯಿ ಇಬ್ಬರಿಂದಲೂ ಇಂಥ ಜೀನ್ ಪಡೆದ ಮಗು ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಂಡು ಬದುಕಬೇಕಾಗುತ್ತದೆ.

ಒಬ್ಬರಿಂದ ಮಾತ್ರ ಪಡೆದವರು ವಾಹಕರು. ಅವರಿಗೆ ಹೆಚ್ಚೆಂದರೆ ಸ್ವಲ್ಪ ರಕ್ತಹೀನತೆ ಕಾಣಬಹುದು. ಅವರ ಜೀನನ್ನು ಪ್ರಯೋಗಾಲಯದಲ್ಲಿ ಹಳೆಯ ಸ್ಯಾಂಗರ್ ವಿಧಾನದಿಂದ ಓದಿದಾಗ ಬರುವ ನಕ್ಷೆಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣದ ಶಿಖರ ಇರುತ್ತದೆ. ಎಂಟನೇ ಕೋಡಾನ್ ತನಕ ಶಿಖರಗಳು ಒಂಟಿಯಾಗಿ ಸ್ಪಷ್ಟವಾಗಿರುತ್ತವೆ. ಅಲ್ಲಿಂದ ಮುಂದೆ ಒಂದರ ಮೇಲೊಂದು ಎರಡೆರಡು ಶಿಖರಗಳು ಮೂಡತೊಡಗುತ್ತವೆ, ಏಕೆಂದರೆ ಒಂದು ಪ್ರತಿ ಇನ್ನೊಂದಕ್ಕಿಂತ ಒಂದು ಅಕ್ಷರ ಹಿಂದೆ ಬಿದ್ದಿದೆ. ತಜ್ಞರು ಪ್ರತಿ ಜೋಡಿಯಿಂದ ಗೊತ್ತಿರುವ ಅಕ್ಷರವನ್ನು ಕಳೆಯುತ್ತಾ, ಉಳಿದದ್ದನ್ನು ಸಾಲಾಗಿ ಬರೆದುಕೊಂಡು ಮೂರು ಮೂರಾಗಿ ಓದಿ, ನುಸುಳಿದ ಅಕ್ಷರ ಯಾವುದೆಂದು ಹೇಳುತ್ತಾರೆ.