ಉಬ್ಬಸವಲ್ಲದ ಉಬ್ಬಸ

ಚನ್ನಗಿರಿಯ ಕೋಟೆಯ ಗುಡ್ಡವನ್ನು ಹತ್ತುವವನಿಗೆ ಏದುಸಿರು ಬರುವುದು ಸಹಜ. ಆದರೆ ಮೂವತ್ತೈದರ ಪ್ರಾಯದ ಒಬ್ಬ ಅಡಿಕೆ ಬೆಳೆಗಾರನು ಹತ್ತು ಮೆಟ್ಟಿಲು ಏರುವಷ್ಟರಲ್ಲಿ ನಿಂತು, ಕತ್ತನ್ನು ಮುಂದಕ್ಕೆ ಚಾಚಿ, ಕೊಳಲಿನಂತೆ ಕೀರಲು ದನಿ ಮಾಡುತ್ತ ಉಸಿರೆಳೆದುಕೊಂಡರೆ, ಅದನ್ನು ಸಹಜವೆನ್ನುವಂತಿಲ್ಲ. ಹೀಗೊಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಎರಡು ತಿಂಗಳ ಹಿಂದೆ ದ್ವಿಚಕ್ರ ವಾಹನದಿಂದ ಬಿದ್ದು ಅವನ ತಲೆಗೆ ಪೆಟ್ಟಾಗಿತ್ತು. ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಹದಿನಾಲ್ಕು ದಿನ ವೆಂಟಿಲೇಟರಿನಿಂದ ಉಸಿರಾಡಿಸಿ ಅವನನ್ನು ಬದುಕಿಸಿದ್ದರು. ಗುಣವಾಗಿ ಮನೆಗೆ ಬಂದ ಒಂದು ತಿಂಗಳಲ್ಲಿ ಈ ಹೊಸ ಕಾಟ ಪ್ರಾರಂಭವಾಯಿತು. ಊರಿನಲ್ಲಿ ಇದನ್ನು ಉಬ್ಬಸವೆಂದು ತಿಳಿದು, ಸೇದುವ ಔಷಧವನ್ನು ಕೊಟ್ಟರು. ಗುಣ ಕಾಣಲಿಲ್ಲ.

ಗುಣ ಕಾಣದಿದ್ದುದಕ್ಕೆ ಕಾರಣ ಸರಳವಾದುದು. ರೋಗವಿದ್ದದ್ದು ಎದೆಯಲ್ಲಿ ಅಲ್ಲ, ಕತ್ತಿನಲ್ಲಿ. ಧ್ವನಿಪೆಟ್ಟಿಗೆಯ ತುಸು ಕೆಳಗೆ ಶ್ವಾಸನಾಳ ಕಿರಿದಾಗಿತ್ತು. ಹೊನ್ನಾಳಿಯಾಗಲಿ, ನ್ಯಾಮತಿಯಾಗಲಿ, ಜಗಳೂರಾಗಲಿ, ದಾವಣಗೆರೆಯಂಥ ದೊಡ್ಡ ಊರಿನ ಆಸ್ಪತ್ರೆಯಲ್ಲಿ ದೀರ್ಘಕಾಲ ಕೊಳವೆಯೊಡನೆ ಇದ್ದು ಮನೆಗೆ ಮರಳಿದವರಲ್ಲಿ ಇಂಥದು ತಲೆದೋರಬಹುದು. ಅಪಘಾತ, ಕೀಟನಾಶಕದ ವಿಷ, ನರಗಳ ಪಾರ್ಶ್ವವಾಯು, 2020ರ ನಂತರ ಕೋವಿಡ್ ಜ್ವರ, ಹೀಗೆ ಮೂಲ ವ್ಯಾಧಿ ಯಾವುದಾದರೂ ಆಗಿರಬಹುದು. ಇಲ್ಲಿ ಮುಖ್ಯವಾದುದು ಕೊಳವೆ ಎಷ್ಟು ದಿನ ಇತ್ತು, ಹೇಗೆ ಒತ್ತಿತು ಎಂಬುದು.

ಶ್ವಾಸನಾಳದ ಗೋಡೆಯಲ್ಲಿರುವ ಮೃದ್ವಸ್ಥಿಯ ಬಳೆಗಳು ಹಿಂಭಾಗದಲ್ಲಿ ತೆರೆದಿವೆ. ಅದರಿಂದ ನಾಳ ಸ್ವಲ್ಪ ಹಿಗ್ಗಬಲ್ಲುದು. ಧ್ವನಿಪೆಟ್ಟಿಗೆಯ ಬುಡದಲ್ಲಿರುವ ಕ್ರೈಕಾಯಿಡ್ ಎಂಬ ಒಂದೇ ಒಂದು ಬಳೆ ಮಾತ್ರ ಪೂರ್ಣ ಉಂಗುರ. ಅದು ಹಿಗ್ಗದು. ಅಲ್ಲಿ ಕೊಳವೆ ತುಸು ದಪ್ಪವಾಯಿತೆಂದರೆ, ಅಥವಾ ಕೊಳವೆಯ ತುದಿಗೆ ಸುತ್ತಿ ಗಾಳಿ ತುಂಬಿದ ಚೀಲ ಮೇಲಕ್ಕೆ ಸರಿದು ಅಲ್ಲೇ ಕುಳಿತಿತೆಂದರೆ, ಒಳಗಿನ ಲೋಳೆಪೊರೆ ಎರಡು ಗಟ್ಟಿ ವಸ್ತುಗಳ ನಡುವೆ ಅರೆಯಲ್ಪಡುತ್ತದೆ. ಲೋಳೆಪೊರೆಯ ಕೂದಲೆಳೆಯಂಥ ರಕ್ತನಾಳಗಳಲ್ಲಿ ರಕ್ತ ಹರಿಯುವ ಒತ್ತಡ ಅಲ್ಪ. ಹೊರಗಿನ ಒತ್ತಡ ಸುಮಾರು 30 ಸೆಂಟಿಮೀಟರ್ ನೀರಿನ ಎತ್ತರವನ್ನು ಮೀರಿದರೆ ರಕ್ತಸಂಚಾರ ಕುಗ್ಗುವುದೆಂದು 1984ರಲ್ಲಿ ಪ್ರಯೋಗಗಳಿಂದ ತಿಳಿದುಬಂದಿತು. ಆದುದರಿಂದ ಚೀಲದ ಒತ್ತಡವನ್ನು 20ರಿಂದ 30 ಸೆಂಟಿಮೀಟರಿನೊಳಗೆ ಇರಿಸುವುದು ರೂಢಿ. ಬೆರಳಿನಿಂದ ಹೊರಗಿನ ಬುರುಡೆಯನ್ನು ಹಿಚುಕಿ ನೋಡಿ ಊಹಿಸುವುದು ನಂಬಿಕೆಗೆ ಯೋಗ್ಯವಲ್ಲ. ಅದನ್ನು ಮಾಪಕದಿಂದಲೇ ಅಳೆಯಬೇಕು.

ರಕ್ತ ಹರಿಯದ ಪೊರೆ ಮೊದಲು ಹುಣ್ಣಾಗುತ್ತದೆ. ಹುಣ್ಣು ಆಳವಾದರೆ ಮೃದ್ವಸ್ಥಿಯೇ ಬಯಲಾಗುತ್ತದೆ. ಕೊಳವೆ ತೆಗೆದ ಮೇಲೆ ದೇಹ ಅಲ್ಲಿ ಹೊಸ ಮಾಂಸವನ್ನು ಬೆಳೆಸಿ, ಅದನ್ನು ನಾರಾಗಿ ಬಿಗಿಯುತ್ತದೆ. ನಾರಿನ ಗಾಯದ ಕಲೆಯ ಸ್ವಭಾವವೆಂದರೆ ಕುಗ್ಗುವುದು. ಚರ್ಮದ ಮೇಲೆ ಕುಗ್ಗಿದರೆ ನಷ್ಟವಿಲ್ಲ. ಉಂಗುರದ ಒಳಗೆ ಕುಗ್ಗಿದರೆ ದಾರಿ ಮುಚ್ಚುತ್ತದೆ. ಈ ಕುಗ್ಗುವಿಕೆಗೆ ವಾರಗಳು ಬೇಕಾಗುವುದರಿಂದಲೇ, ಆಸ್ಪತ್ರೆ ಬಿಡುವಾಗ ಚೆನ್ನಾಗಿದ್ದವನು ಎರಡನೆಯ ತಿಂಗಳಲ್ಲಿ ಏದುಸಿರು ಬಿಡುತ್ತಾನೆ.

ಇನ್ನು, ದಾರಿ ಎಷ್ಟು ಕಿರಿದಾದರೆ ಎಷ್ಟು ಕಷ್ಟ ಎಂಬುದನ್ನು ಭೌತಶಾಸ್ತ್ರದ ಸಹಾಯದಿಂದ ಲೆಕ್ಕ ಹಾಕಿ ನೋಡೋಣ. ನಮ್ಮ ರೈತನ ಶ್ವಾಸನಾಳ ಆ ಜಾಗದಲ್ಲಿ ಮೊದಲು 16 ಮಿಲಿಮೀಟರ್ ವ್ಯಾಸದ್ದಾಗಿತ್ತೆನ್ನೋಣ. ವಿಶ್ರಾಂತಿಯಲ್ಲಿ ಕ್ಷಣಕ್ಕೆ ಅರ್ಧ ಲೀಟರ್ ಗಾಳಿ ಒಳಗೆ ಹರಿಯುತ್ತದೆ. ಅದರ ವೇಗ ಆಗ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್. ದಾರಿ 8 ಮಿಲಿಮೀಟರಿಗೆ ಇಳಿದರೆ ಅದರ ವಿಸ್ತೀರ್ಣ ನಾಲ್ಕರಲ್ಲೊಂದಾಗಿ, ವೇಗ ನಾಲ್ಕರಷ್ಟಾಗುತ್ತದೆ. ಕಿಂಡಿಯಿಂದ ಚಿಮ್ಮಿದ ಗಾಳಿಯ ಚಲನಶಕ್ತಿಯೆಲ್ಲ ಆಚೆ ಸುಳಿಸುಳಿಯಾಗಿ ವ್ಯರ್ಥವಾಗುತ್ತದೆ ಎಂದು ಭಾವಿಸಿದರೆ, ಅದಕ್ಕಾಗಿ ತೆರಬೇಕಾದ ಒತ್ತಡ ವೇಗದ ವರ್ಗದಂತೆ, ಅಂದರೆ ಹದಿನಾರು ಪಟ್ಟು ಏರುತ್ತದೆ. ಹಾಗಿದ್ದೂ ಅದು 0.6 ಸೆಂಟಿಮೀಟರ್ ನೀರಿನಷ್ಟೇ ಆಗುತ್ತದೆ. ಕುಳಿತವನಿಗೆ ಇದು ತಿಳಿಯುವುದೂ ಇಲ್ಲ. ಆದರೆ ಅವನು ಗುಡ್ಡ ಹತ್ತತೊಡಗಿ ಗಾಳಿಯ ಹರಿವು ಕ್ಷಣಕ್ಕೆ 2 ಲೀಟರ್ ಆದಾಗ ಒತ್ತಡ ಮತ್ತೆ ಹದಿನಾರು ಪಟ್ಟಾಗಿ, 9 ಸೆಂಟಿಮೀಟರನ್ನು ಮೀರುತ್ತದೆ. ಆರೋಗ್ಯವಂತನು ವಿಶ್ರಾಂತಿಯಲ್ಲಿ ಉಸಿರೆಳೆಯಲು ಶ್ವಾಸಕೋಶದಲ್ಲಿ ಒಂದೆರಡು ಸೆಂಟಿಮೀಟರ್ ಒತ್ತಡದ ಇಳಿತ ಸಾಕು ಎಂಬುದನ್ನು ಇದಕ್ಕೆ ಹೋಲಿಸಿ ನೋಡಿರಿ.

ವ್ಯಾಸ 4 ಮಿಲಿಮೀಟರಿಗೆ ಇಳಿದರೆ, ಕುಳಿತಲ್ಲೇ ಅಷ್ಟೇ ಒತ್ತಡ ಬೇಕಾಗುತ್ತದೆ. ವೈದ್ಯರು ಅನುಭವದಿಂದ ಕಂಡುಕೊಂಡ ಮಾತು ಇದಕ್ಕೆ ಹೊಂದುತ್ತದೆ. ದಾರಿ 8 ಮಿಲಿಮೀಟರಿಗಿಂತ ಕಿರಿದಾದಾಗ ಶ್ರಮದಲ್ಲಿ ಏದುಸಿರು, 5ಕ್ಕಿಂತ ಕಿರಿದಾದಾಗ ವಿಶ್ರಾಂತಿಯಲ್ಲಿಯೂ ಕೀರಲು ದನಿ ಎಂಬುದು ಅವರ ಮಾತು. ನಮ್ಮ ರೈತನ ದಾರಿ 6 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಕುಳಿತಾಗ 1.8 ಸೆಂಟಿಮೀಟರ್, ಗುಡ್ಡದ ಮೇಲೆ 29 ಸೆಂಟಿಮೀಟರ್. ಮನೆಯಲ್ಲಿ ನೆಮ್ಮದಿ, ಮೆಟ್ಟಿಲ ಮೇಲೆ ಸಂಕಟ ಏಕೆಂಬುದು ಇದರಿಂದ ಸ್ಪಷ್ಟವಾಗುವುದು. ಜೊತೆಗೆ ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಬಹುಕಾಲ 98 ಎಂದೇ ತೋರಿಸುವುದೂ ಇದರಿಂದಲೇ. ಸ್ನಾಯುಗಳು ಹೆಚ್ಚು ದುಡಿದು ಗಾಳಿಯನ್ನು ಒಳಗೆ ಸೇರಿಸುತ್ತಿರುವವರೆಗೂ ರಕ್ತದಲ್ಲಿ ಕೊರತೆ ಕಾಣದು. ಆ ಅಂಕಿಯನ್ನು ನೆಚ್ಚಿ ಸುಮ್ಮನಿರುವುದು ತಪ್ಪು.

ಹಾಗಾದರೆ ಉಬ್ಬಸದಿಂದ ಇದನ್ನು ಪ್ರತ್ಯೇಕಿಸುವ ಬಗೆ ಹೇಗೆ? ಮೊದಲನೆಯದು ಕಿವಿ. ಉಬ್ಬಸದ ಸಿಳ್ಳು ಎದೆಯ ಉದ್ದಗಲಕ್ಕೂ, ವಿಶೇಷವಾಗಿ ಉಸಿರು ಬಿಡುವಾಗ ಕೇಳುತ್ತದೆ. ಈ ರೋಗದ ದನಿ ಕತ್ತಿನ ಮೇಲೆಯೇ ಅತ್ಯಂತ ಜೋರಾಗಿ, ಉಸಿರೆಳೆಯುವಾಗ ಅಥವಾ ಎರಡೂ ವೇಳೆಗಳಲ್ಲಿ ಕೇಳುತ್ತದೆ. ಎರಡನೆಯದು ಊದಿ ಅಳೆಯುವ ಪರೀಕ್ಷೆ. ಉಬ್ಬಸದಲ್ಲಿ ಸಾವಿರಾರು ಸಣ್ಣ ಕವಲುಗಳು ಕಿರಿದಾಗಿರುವುದರಿಂದ, ಬಲವಾಗಿ ಊದಿದಾಗ ಆರಂಭದ ರಭಸ ಒಂದಿಷ್ಟು ಉಳಿದಿದ್ದು, ಆಮೇಲೆ ಹರಿವು ಬೇಗ ಕುಸಿಯುತ್ತದೆ. ಒಂದೇ ಗಟ್ಟಿ ಕಿಂಡಿಯಿದ್ದಾಗ ಆರಂಭದ ರಭಸವೇ ಮೊಟಕಾಗಿ, ಹರಿವು ಒಂದೇ ಸಮನಾಗಿ ಹೋಗುತ್ತದೆ. ಗ್ರಾಫಿನಲ್ಲಿ ಒಳಉಸಿರು, ಹೊರಉಸಿರು ಎರಡರ ಶಿಖರಗಳೂ ಕತ್ತರಿಸಿದಂತೆ ಚಪ್ಪಟೆಯಾಗಿರುತ್ತವೆ.

ಇದಕ್ಕೊಂದು ಸುಲಭ ಭಾಗಾಕಾರವನ್ನು 1972ರಲ್ಲಿ ಎಂಪಿ ಎಂಬವರು ಸೂಚಿಸಿದರು. ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿಯನ್ನು ಮಿಲಿಲೀಟರಿನಲ್ಲಿ ತೆಗೆದುಕೊಂಡು, ಊದುವಿಕೆಯ ಅತಿ ಹೆಚ್ಚಿನ ರಭಸವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಅಳೆದು, ಅದರಿಂದ ಭಾಗಿಸಬೇಕು. ಉತ್ತರ 10ನ್ನು ಮೀರಿದರೆ ಮೇಲಿನ ದಾರಿಯಲ್ಲಿ ತಡೆಯಿದೆಯೆಂದು ಸಂಶಯಪಡಬೇಕು. ನಮ್ಮ ರೈತನು ಮೊದಲ ಸೆಕೆಂಡಿನಲ್ಲಿ 2100 ಮಿಲಿಲೀಟರ್ ಊದಿದನು, ರಭಸ ಮಾತ್ರ 150. ಭಾಗಲಬ್ಧ 14. ಉಬ್ಬಸದ ರೋಗಿಯೊಬ್ಬನಿಗೆ 1600 ಮತ್ತು 240 ಬಂದರೆ ಭಾಗಲಬ್ಧ 7ರೊಳಗೇ ನಿಲ್ಲುತ್ತದೆ. ಇದು ಸುಳಿವು ಮಾತ್ರ. ನಿರ್ಣಯ ಕಣ್ಣಿನಿಂದ ಆಗಬೇಕು. ಮೂಗಿನಿಂದ ಸಣ್ಣ ಬಾಗುವ ದರ್ಶಕವನ್ನು ಇಳಿಸಿ ಸ್ವರತಂತುಗಳ ಚಲನೆಯನ್ನೂ ಅವುಗಳ ಕೆಳಗಣ ಉಂಗುರವನ್ನೂ ನೋಡುತ್ತಾರೆ, ಸಿ.ಟಿ. ಚಿತ್ರದಿಂದ ಕಿರಿದಾದ ಭಾಗದ ಉದ್ದವನ್ನು ತಿಳಿಯುತ್ತಾರೆ. ನಮ್ಮ ರೋಗಿಯಲ್ಲಿ ದಾರಿಯ ವಿಸ್ತೀರ್ಣದ ಶೇಕಡ 86ರಷ್ಟು ಮುಚ್ಚಿತ್ತು. ಮೇಯರ್ ಮತ್ತು ಕಾಟನ್ ಅವರ ವರ್ಗೀಕರಣದಲ್ಲಿ ಶೇಕಡ 71ರಿಂದ 99ರವರೆಗಿನದು ಮೂರನೆಯ ದರ್ಜೆ. ನಾಲ್ಕನೆಯದೆಂದರೆ ಪೂರ್ತಿ ಮುಚ್ಚಿದುದು.

ರೋಗಿಯ ಸ್ಥಿತಿ ಹಠಾತ್ತನೆ ಕೆಟ್ಟರೆ, ಹೀಲಿಯಂ ಬೆರೆಸಿದ ಆಮ್ಲಜನಕ ಸ್ವಲ್ಪ ಹೊತ್ತು ಉಪಕಾರಿಯಾಗುತ್ತದೆ. ಮೇಲೆ ಕಂಡ ಒತ್ತಡ ಅನಿಲದ ಸಾಂದ್ರತೆಯನ್ನೂ ಅವಲಂಬಿಸಿದೆಯಷ್ಟೆ. ನಾಲ್ಕು ಪಾಲು ಹೀಲಿಯಂ, ಒಂದು ಪಾಲು ಆಮ್ಲಜನಕದ ಮಿಶ್ರಣ ಗಾಳಿಯ ಮೂರನೆಯ ಒಂದರಷ್ಟೇ ಭಾರ. ಇದು ಕಾಲಾವಕಾಶ ಒದಗಿಸುತ್ತದೆಯೇ ಹೊರತು ದಾರಿಯನ್ನು ತೆರೆಯದು. ಸಂಕಟದಿಂದ ಒದ್ದಾಡುವವನಿಗೆ ನಿದ್ರೆಯ ಮದ್ದು ಕೊಡುವುದು ಅಪಾಯಕರ. ದುಡಿಯುವ ಸ್ನಾಯುಗಳು ಸೋತರೆ ಉಸಿರು ನಿಲ್ಲುತ್ತದೆ. ಕೀರಲು ದನಿ ತಾನಾಗಿ ತಗ್ಗಿ, ಅದರೊಡನೆ ರೋಗಿಯೂ ಮಂಕಾದರೆ ಅದು ಗುಣದ ಚಿಹ್ನೆಯಲ್ಲ. ದನಿ ಮಾಡುವಷ್ಟು ಗಾಳಿಯೂ ಹರಿಯುತ್ತಿಲ್ಲವೆಂಬ ಎಚ್ಚರಿಕೆ ಅದು. ಆಗ ಕಿರಿದಾದ ಭಾಗದ ಕೆಳಗೆ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡಬೇಕಾಗುತ್ತದೆ.

ಶಾಶ್ವತ ಚಿಕಿತ್ಸೆಗೆ ಎರಡು ಮಾರ್ಗಗಳುಂಟು. ಕಲೆ ತೆಳುವಾಗಿ, ಒಂದು ಸೆಂಟಿಮೀಟರಿಗಿಂತ ಗಿಡ್ಡವಾಗಿದ್ದು, ಮೃದ್ವಸ್ಥಿ ಗಟ್ಟಿಯಾಗಿದ್ದರೆ, ಬಾಯಿಯ ಮೂಲಕವೇ ಕೆಲಸ ಸಾಗುತ್ತದೆ. ರೋಗಿಗೆ ಅರಿವಳಿಕೆ ಕೊಟ್ಟು, ಚಾಕುವಿನಿಂದಲೋ ಲೇಸರ್ ಕಿರಣದಿಂದಲೋ ಚಕ್ರದ ಅರೆಗಳಂತೆ ಮೂರು ಕಡೆ ಸೀಳಿ, ಗಾಳಿಚೀಲದಿಂದ ಹಿಗ್ಗಿಸಿ, ಕಲೆಯೊಳಗೆ ಸ್ಟೀರಾಯ್ಡ್ ಚುಚ್ಚುತ್ತಾರೆ. ಸುತ್ತಲೂ ಕತ್ತರಿಸುವುದಿಲ್ಲ. ಸೀಳುಗಳ ನಡುವೆ ಪೊರೆ ಉಳಿಯದಿದ್ದರೆ, ಸುತ್ತಲೂ ಹಸಿಗಾಯವಾಗಿ, ಮತ್ತೆ ಉಂಗುರವೇ ಹುಟ್ಟುತ್ತದೆ.

ನಮ್ಮ ರೈತನ ಕಲೆ ಎಂಟು ಮಿಲಿಮೀಟರ್ ಉದ್ದದ್ದು; ಆದುದರಿಂದ ಮೊದಲು ಇದನ್ನೇ ಮಾಡಿದರು. ಮರುದಿನ ಅವನ ಊದುವಿಕೆಯ ರಭಸ 150ರಿಂದ 380ಕ್ಕೆ ಏರಿತು. ಕಡಿಮೆ ಬೆಲೆಯ ರಭಸಮಾಪಕವೊಂದನ್ನು ಮನೆಗೆ ಕೊಂಡುಹೋಗಿ, ಪ್ರತಿದಿನ ಬೆಳಗ್ಗೆ ಊದಿ ಬರೆದಿಡುವಂತೆ ಅವನಿಗೆ ಹೇಳಿದರು. ಹತ್ತನೆಯ ವಾರದಲ್ಲಿ ಅಂಕಿಗಳು 340, 310, 250 ಎಂದು ಇಳಿಯತೊಡಗಿದವು. ಏದುಸಿರು ಇನ್ನೂ ಬಂದಿರಲಿಲ್ಲ. ಆದರೂ ಕಲೆ ಮರಳುತ್ತಿದೆಯೆಂದು ಪುಸ್ತಕ ಹೇಳಿತು. ಇನ್ನೊಮ್ಮೆ ಹಿಗ್ಗಿಸಿದರೂ ಅದೇ ಕಥೆಯಾಯಿತು.

ಆಗ ಎರಡನೆಯ ಮಾರ್ಗ ಹಿಡಿಯಬೇಕಾಯಿತು. ಕತ್ತನ್ನು ಬಿಡಿಸಿ, ರೋಗಗ್ರಸ್ತ ಭಾಗವನ್ನು ತೆಗೆದು, ಶ್ವಾಸನಾಳವನ್ನು ಮೇಲಕ್ಕೆಳೆದು ಧ್ವನಿಪೆಟ್ಟಿಗೆಗೆ ಹೊಲಿಯುವುದೇ ಆ ಶಸ್ತ್ರಕ್ರಿಯೆ. ಕ್ರೈಕಾಯಿಡಿನ ಮುಂಭಾಗದ ಕಮಾನನ್ನು ತೆಗೆಯಬಹುದು. ಹಿಂಭಾಗದ ಫಲಕವನ್ನು ಮಾತ್ರ ಉಳಿಸಿಕೊಳ್ಳಬೇಕು. ಸ್ವರತಂತುಗಳನ್ನು ಚಲಿಸುವ ನರಗಳು ಅದರ ಬದಿಯಲ್ಲೇ ಏರುತ್ತವೆ. ಹೀಗೆ ಫಲಕವನ್ನೂ ನರಗಳನ್ನೂ ಉಳಿಸುವ ವಿಧಾನವನ್ನು 1975ರಲ್ಲಿ ಪಿಯರ್‌ಸನ್ ಮತ್ತು ಅವರ ಸಂಗಡಿಗರು ವಿವರಿಸಿದರು. ಹೊಲಿಗೆ ಜಗ್ಗದಿರಲೆಂದು, ಒಂದು ವಾರದ ಕಾಲ ಗದ್ದವನ್ನು ಎದೆಗೆ ದಪ್ಪ ದಾರದಿಂದ ಹೊಲಿದಿಡುವುದೂ ಉಂಟು. ರೋಗಿಗೆ ಇದು ಕಿರಿಕಿರಿ, ಆದರೆ ತಲೆ ಎತ್ತಿದರೆ ಹೊಲಿಗೆ ಬಿಚ್ಚಬಹುದು.

ಎಲ್ಲರಿಗೂ ಇದು ಸಲ್ಲದು. ಕಲೆ ಸ್ವರತಂತುಗಳನ್ನೇ ಮುಟ್ಟಿದ್ದರೆ, ಅಥವಾ ಸುಮಾರು ಹನ್ನೊಂದು ಸೆಂಟಿಮೀಟರಿನ ಶ್ವಾಸನಾಳದ ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ, ತುಂಡುಗಳನ್ನು ಜೋಡಿಸುವುದು ಅಸಾಧ್ಯ. ಅಂಥವರಿಗೆ ಪಕ್ಕೆಲುಬಿನ ಮೃದ್ವಸ್ಥಿಯಿಂದ ದಾರಿಯನ್ನು ಅಗಲಿಸುವುದುಂಟು. ಇಲ್ಲವೆ 1965ರಲ್ಲಿ ಮಾಂಟ್‌ಗೊಮರಿ ರೂಪಿಸಿದ, ಇಂಗ್ಲಿಷಿನ ಟಿ ಅಕ್ಷರದಂಥ ಸಿಲಿಕೋನ್ ಕೊಳವೆಯನ್ನು ಒಳಗಿಟ್ಟು ದಾರಿಯನ್ನು ಕಾಪಾಡುತ್ತಾರೆ.

ನಮ್ಮ ರೈತನು ಆರು ತಿಂಗಳಾದ ಮೇಲೆ ಗುಡ್ಡ ಹತ್ತಿದನೆಂದು ಇಟ್ಟುಕೊಳ್ಳಿ. ಅವನ ಪುಸ್ತಕದಲ್ಲಿ ಈಗಲೂ ಪ್ರತಿ ವಾರ ಒಂದು ಅಂಕಿ ಸೇರುತ್ತಿದೆ. ಅವನಂತೆ ಹತ್ತು ದಿನ ಕೊಳವೆಯೊಡನೆ ಮಲಗಿ ಎದ್ದವರಿಗೆ ಮುಂದಿನ ಕೆಲವು ತಿಂಗಳಲ್ಲಿ ಹೊಸದಾಗಿ ಉಬ್ಬಸ ಬಂದಿತೆಂದರೆ, ಸೇದುವ ಔಷಧವನ್ನು ಬರೆಯುವುದಕ್ಕೆ ಮುಂಚೆ ಕತ್ತಿನ ಮೇಲೆ ಕಿವಿಯಿಟ್ಟು ಒಂದು ಉಸಿರನ್ನು ಆಲಿಸಬೇಕು. ಹಾಗೆ ಬಂದವರೂ ತಮ್ಮ ಕೊಳವೆಯ ದಿನಗಳ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.