ತೂಗುವ ಗೋಪುರಕ್ಕೆ ತೂಗುವ ಗುಂಡು

ಎತ್ತರದ ಕಟ್ಟಡಕ್ಕೆ ಗಾಳಿ ಬಡಿದಾಗ ಅದು ತನ್ನದೇ ಆದ ಒಂದು ನಿಶ್ಚಿತ ಲಯದಲ್ಲಿ ತೂಗಾಡುತ್ತದೆ. ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದೇ ಅದರ ಸಹಜ ಆವೃತ್ತಿ. ಹೊರಗಿನ ಬಲವೂ ಅದೇ ಲಯದಲ್ಲಿ ಬಂದರೆ ತೂಗಾಟ ಬೆಳೆಯುತ್ತಾ ಹೋಗುತ್ತದೆ, ಇದು ಅನುರಣನ. ಇದನ್ನು ತಗ್ಗಿಸಲು ಕಟ್ಟಡದ ತುದಿಯಲ್ಲಿ ಅದೇ ಲಯಕ್ಕೆ ಹೊಂದಿಸಿದ ಇನ್ನೊಂದು ಭಾರವನ್ನು ತೂಗಲು ಬಿಡುತ್ತಾರೆ. ಅದೇ ಟ್ಯೂನ್ಡ್ ಮಾಸ್ ಡ್ಯಾಂಪರ್. ತೈವಾನಿನ 508 ಮೀಟರ್ ಎತ್ತರದ ತೈಪೆ 101 ಕಟ್ಟಡದಲ್ಲಿ 660 ಟನ್ ತೂಕದ, 5.5 ಮೀಟರ್ ವ್ಯಾಸದ ಉಕ್ಕಿನ ಗೋಳವೊಂದು ಈ ಕೆಲಸಕ್ಕಾಗಿಯೇ ತೂಗುತ್ತಿದೆ. ಇದರ ಮೂಲ ಕಲ್ಪನೆಗೆ ಜರ್ಮನಿಯ ಹರ್ಮನ್ ಫ್ರಾಮ್ 1909ರಲ್ಲಿ ಪೇಟೆಂಟ್ ಕೋರಿದ್ದ. ಅದರ ಗಣಿತವನ್ನು ಆರ್ಮಂಡ್ರಾಯ್ಡ್ ಮತ್ತು ಡೆನ್ ಹಾರ್ಟಾಗ್ 1928ರಲ್ಲಿ ಪ್ರಕಟಿಸಿದರು. ಆ ಗಣಿತವನ್ನು ಮೇಜಿನ ಮೇಲಿನ ಮಾದರಿಯಲ್ಲೂ ಪರೀಕ್ಷಿಸಬಹುದು.

ಮಾದರಿ ಕಟ್ಟಡಕ್ಕೆ ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳ ಕಂಬ, ಪ್ಲೈವುಡ್ ತುಂಡುಗಳ ಮಹಡಿ ಸಾಕು. ಪಟ್ಟಿಯ ಅಗಲದ ಬದಿ ಒಂದೇ ದಿಕ್ಕಿಗೆ ಇದ್ದರೆ ಕಟ್ಟಡ ಒಂದೇ ದಿಕ್ಕಿನಲ್ಲಿ ತೂಗುತ್ತದೆ, ಅಳತೆ ಸುಲಭವಾಗುತ್ತದೆ. ಮೇಲ್ಛಾವಣಿಯ ಮೇಲೆ ಒಂದು ಮೊಬೈಲ್ ಫೋನನ್ನು ಬಿಗಿಯಾಗಿ ಕಟ್ಟಿದರೆ ಅದರೊಳಗಿನ ವೇಗೋತ್ಕರ್ಷ ಮಾಪಕವೇ ಉಪಕರಣ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ phyphox ಎಂಬ ಉಚಿತ ಆ್ಯಪ್ ಈ ಅಳತೆಗಳನ್ನು ದಾಖಲಿಸಿಕೊಳ್ಳುತ್ತದೆ. ಫೋನಿನ ತೂಕವೂ ಕಟ್ಟಡದ ಲಯವನ್ನು ಬದಲಿಸುವುದರಿಂದ ಮೊದಲ ಅಳತೆಯಿಂದ ಕೊನೆಯವರೆಗೂ ಅದು ಅಲ್ಲೇ ಇರಬೇಕು.

ಮೊದಲು ತಿಳಿಯಬೇಕಾದದ್ದು ಕಟ್ಟಡದ ಸಹಜ ಆವೃತ್ತಿ. ತುದಿಯನ್ನು ಸ್ವಲ್ಪ ಎಳೆದು ಬಿಟ್ಟು, ದಾಖಲಾದ ತೂಗಾಟಗಳನ್ನು ಎಣಿಸಿದರೆ ಅದು ಸಿಗುತ್ತದೆ. ಉದಾಹರಣೆಗೆ ಸೆಕೆಂಡಿಗೆ 2 ತೂಗಾಟ, ಅಂದರೆ 2 ಹರ್ಟ್ಜ್ ಎಂದಿಟ್ಟುಕೊಳ್ಳಬಹುದು. ಹತ್ತು ತೂಗಾಟಗಳಲ್ಲಿ ಅದು ಆರಂಭದ ಅರ್ಧಕ್ಕಿಂತ ತುಸು ಮೇಲೆ, ಸುಮಾರು ಶೇ 53ಕ್ಕೆ ಇಳಿದರೆ ಕಟ್ಟಡದ ಸ್ವಂತ ಡ್ಯಾಂಪಿಂಗ್ ಶೇ 1 ಎಂದರ್ಥ.

ಎರಡನೆಯದು ತೂಗಾಟದಲ್ಲಿ ನಿಜವಾಗಿ ಭಾಗವಹಿಸುವ ತೂಕ. ಇದು ಮಾದರಿಯನ್ನು ತಕ್ಕಡಿಯಲ್ಲಿಟ್ಟರೆ ಬರುವ ಅಂಕಿಯಲ್ಲ. ಬುಡದ ಮಹಡಿಗಳು ಹೆಚ್ಚು ಅಲುಗುವುದಿಲ್ಲ, ತುದಿಯದು ಪೂರ್ತಿ ಅಲುಗುತ್ತದೆ. ಕಂಡುಹಿಡಿಯುವ ಸರಳ ದಾರಿಯೆಂದರೆ ತುದಿಯ ಮೇಲೆ 100 ಗ್ರಾಂ ಇಟ್ಟು ಆವೃತ್ತಿಯನ್ನು ಮತ್ತೆ ಅಳೆಯುವುದು. 2.00 ಇದ್ದದ್ದು 1.91ಕ್ಕೆ ಇಳಿದರೆ ಆ ಪರಿಣಾಮಕಾರಿ ತೂಕ ಸುಮಾರು 1 ಕಿಲೋ. ಹಲವು ಮಾದರಿಗಳು ತಪ್ಪುವುದು ಇಲ್ಲೇ: ಒಟ್ಟು ತೂಕವನ್ನು ಲೆಕ್ಕಕ್ಕೆ ಹಿಡಿದು ಅಗತ್ಯಕ್ಕಿಂತ ಭಾರವಾದ ಗುಂಡನ್ನು ತಪ್ಪು ಲಯಕ್ಕೆ ಹೊಂದಿಸಲಾಗುತ್ತದೆ.

ಈಗ ಡ್ಯಾಂಪರ್. 1 ಕಿಲೋಗೆ ಶೇ 5ರಂತೆ 50 ಗ್ರಾಂನ ಹಿತ್ತಾಳೆ ಗುಂಡು. ಅದನ್ನು ಛಾವಣಿಯ ಮೇಲೆ ನಿಲ್ಲಿಸಿದ ಚಿಕ್ಕ ಚೌಕಟ್ಟಿನಿಂದ V ಆಕಾರದ ಜೋಡಿ ದಾರದಲ್ಲಿ ಇಳಿಬಿಟ್ಟರೆ ಅಡ್ಡಾದಿಡ್ಡಿ ಸುತ್ತದೆ ಒಂದೇ ದಿಕ್ಕಿನಲ್ಲಿ ತೂಗುತ್ತದೆ. ಗುಂಡಿನ ಲಯ ಕಟ್ಟಡದ ಲಯಕ್ಕೆ ಸರಿಸಮ ಇರಬೇಕೆಂದು ತೋರುವುದು ಸಹಜ. ಡೆನ್ ಹಾರ್ಟಾಗ್ ತೋರಿಸಿದ್ದು ಬೇರೆ: ಉತ್ತಮ ಲಯ ತುಸು ಕಡಿಮೆ, ಇಲ್ಲಿ 2ನ್ನು 1.05ರಿಂದ ಭಾಗಿಸಿದಷ್ಟು, ಅಂದರೆ 1.905 ಹರ್ಟ್ಜ್. ಲೋಲಕದ ಉದ್ದ ಈ ಸೂತ್ರದಿಂದ ಸಿಗುತ್ತದೆ:

L = g / (4π²f²)

ಉತ್ತರ 6.85 ಸೆಂ.ಮೀ. ಇದು ಗುಂಡಿನ ಕೇಂದ್ರದವರೆಗಿನ ಲಂಬ ದೂರ, ದಾರದ ಉದ್ದವಲ್ಲ. 2 ಹರ್ಟ್ಜ್‌ಗೇ ಹೊಂದಿಸಿದ್ದರೆ 6.2 ಸೆಂ.ಮೀ. ಆಗುತ್ತಿತ್ತು. ಇಷ್ಟು ಚಿಕ್ಕ ಲೋಲಕದಲ್ಲಿ ಅರ್ಧ ಸೆಂಟಿಮೀಟರಿನ ತಪ್ಪೂ ಹೊಂದಾಣಿಕೆಯನ್ನು ಕೆಡಿಸಬಲ್ಲದು. ಹಾಗಾಗಿ ದಾರವನ್ನು ಗಂಟು ಹಾಕುವ ಬದಲು ಸ್ಕ್ರೂವಿನಡಿ ಸಿಕ್ಕಿಸಿ ಏರಿಳಿಸುವಂತಿರಬೇಕು.

ಲಯ ಹೊಂದಿದರಷ್ಟೇ ಕೆಲಸ ಮುಗಿಯುವುದಿಲ್ಲ. ಗುಂಡು ಕಟ್ಟಡದಿಂದ ಪಡೆದ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಇಲ್ಲದಿದ್ದರೆ ಅದನ್ನು ಕಟ್ಟಡಕ್ಕೇ ಹಿಂತಿರುಗಿಸುತ್ತದೆ. ಎಳೆದು ಬಿಟ್ಟ ಕಟ್ಟಡ ಸುಮಾರು ಒಂದು ಸೆಕೆಂಡಿನಲ್ಲಿ ಬಹುತೇಕ ನಿಂತು, ಮತ್ತೊಂದು ಸೆಕೆಂಡಿನಲ್ಲಿ ತಾನಾಗಿಯೇ ಮತ್ತೆ ತೂಗಲು ತೊಡಗಿದರೆ ಲೋಲಕಕ್ಕೆ ಡ್ಯಾಂಪಿಂಗ್ ಸಾಲದೆಂದು ತಿಳಿಯಬೇಕು. ಪರಿಹಾರವೆಂದರೆ ಗುಂಡಿನ ಅಡಿಗೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿ (ಅದರ ತೂಕವೂ ಆ 50 ಗ್ರಾಂನೊಳಗೇ ಬರಬೇಕು), ಛಾವಣಿಯ ಮೇಲೆ ದಪ್ಪ ತಾಮ್ರದ ತಗಡು ಇಡುವುದು. ಅಯಸ್ಕಾಂತ ಚಲಿಸುವಾಗ ತಗಡಿನಲ್ಲಿ ಸುಳಿ ವಿದ್ಯುತ್ ಹರಿದು, ಚಲನೆಯ ಶಕ್ತಿ ಶಾಖವಾಗುತ್ತದೆ. ತಗಡನ್ನು ಹತ್ತಿರ ತಂದಷ್ಟೂ ತಡೆ ಹೆಚ್ಚು. ಈ ಮಾದರಿಗೆ ಬೇಕಾದ ಡ್ಯಾಂಪಿಂಗ್ ಸುಮಾರು ಶೇ 12.7. ಅದನ್ನು ಗುರುತಿಸಲು ಕಟ್ಟಡವನ್ನು ಕೈಯಿಂದ ಬಿಗಿಹಿಡಿದು ಗುಂಡನ್ನು ಮಾತ್ರ ತೂಗಬಿಡಬೇಕು: ಒಂದೊಂದು ಪೂರ್ಣ ತೂಗಾಟಕ್ಕೂ ಅದು ಅರ್ಧಕ್ಕಿಂತ ತುಸು ಕೆಳಗೆ, 10 ಮಿ.ಮೀ. ಇದ್ದದ್ದು 4.5ಕ್ಕೆ, ಆಮೇಲೆ 2ಕ್ಕೆ ಇಳಿಯಬೇಕು. ತಡೆ ಅತಿಯಾದರೆ ಗುಂಡು ಕಟ್ಟಡಕ್ಕೆ ಅಂಟಿದಂತೆ ಅದರ ಜೊತೆಗೇ ಚಲಿಸುತ್ತದೆ, ಪ್ರಯೋಜನವಿಲ್ಲ.

ಎಷ್ಟು ಕಂಪನ ತಗ್ಗಿತು ಎಂಬ ಅಳತೆಯಲ್ಲಿ ಎಚ್ಚರ ಹೆಚ್ಚು ಬೇಕು. ಮಾದರಿಯನ್ನು ಮೋಟಾರಿನಿಂದ ಅರ್ಧ ಮಿಲಿಮೀಟರಿನಷ್ಟು ಹಿಂದೆಮುಂದೆ ಸರಿಯುವ ಹಲಗೆಯ ಮೇಲೆ ನಿಲ್ಲಿಸಿ, ಸರಿಯಾಗಿ 2 ಹರ್ಟ್ಜ್‌ನಲ್ಲಿ ಅಲುಗಿಸಿದರೆ, ತಡೆಯೇ ಇಲ್ಲದ ಗುಂಡು ಕೂಡ ಅದ್ಭುತವಾಗಿ ಕಾಣುತ್ತದೆ. ಅದೇ ಲಯಕ್ಕೆ ಹೊಂದಿಸಿದ ಗುಂಡು ಕಟ್ಟಡವನ್ನು ಬಹುತೇಕ ನಿಲ್ಲಿಸಿಬಿಡುತ್ತದೆ. ಆದರೆ 1.79 ಮತ್ತು 2.24 ಹರ್ಟ್ಜ್‌ಗಳಲ್ಲಿ ಎರಡು ಹೊಸ ಅನುರಣನಗಳು ಎದ್ದಿರುತ್ತವೆ, ಅಲ್ಲಿ ಕಟ್ಟಡ ಜೋರಾಗಿ ತೂಗುತ್ತದೆ. ಒಂದೇ ಆವೃತ್ತಿಯಲ್ಲಿ ಅಳೆದು ಹೇಳಿದ ಶೇಕಡಾವಾರು ಅಂಕಿಗೆ ಆದ್ದರಿಂದ ಬೆಲೆಯಿಲ್ಲ. 1.4ರಿಂದ 2.6 ಹರ್ಟ್ಜ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ, ಪ್ರತಿ ಮೆಟ್ಟಿಲಲ್ಲಿ ತುದಿಯ ತೂಗಾಟವನ್ನು ದಾಖಲಿಸಿ, ಎರಡು ರೇಖೆಗಳ ಅತ್ಯುನ್ನತ ಬಿಂದುಗಳನ್ನು ಹೋಲಿಸಬೇಕು. ಹೋಲಿಕೆಯೂ ನ್ಯಾಯವಾಗಿರಬೇಕು: ಮೊದಲ ರೇಖೆಗಾಗಿ ಗುಂಡನ್ನು ತೆಗೆದಿಡದೆ, ಅಲುಗದಂತೆ ಕಟ್ಟಿಹಾಕಬೇಕು. ಆಗ ಎರಡೂ ಸಲ ತೂಕ ಒಂದೇ.

ತಾಳ್ಮೆಯೂ ಅಳತೆಯ ಭಾಗ. ಡ್ಯಾಂಪಿಂಗ್ ಶೇ 1 ಇರುವ ಕಟ್ಟಡ ಹೊಸ ಆವೃತ್ತಿಗೆ ಸ್ಥಿರವಾಗಿ ಹೊಂದಿಕೊಳ್ಳಲು ಅರ್ಧ ನಿಮಿಷ ಬೇಕು. ಅದರ ಶಿಖರವೂ ತೀರಾ ಕಿರಿದು. ಆ ಜಾಗದಲ್ಲಿ 0.01 ಹರ್ಟ್ಜ್‌ನ ಸಣ್ಣ ಮೆಟ್ಟಿಲುಗಳಲ್ಲಿ ಸಾಗದಿದ್ದರೆ ನಿಜವಾದ ತುದಿ ತಪ್ಪಿಹೋಗಿ, ಡ್ಯಾಂಪರಿನ ಸಾಧನೆ ಇರುವುದಕ್ಕಿಂತ ಕಡಿಮೆಯೆಂದು ಕಾಣುತ್ತದೆ.

ಲೆಕ್ಕದ ಪ್ರಕಾರ ಗುಂಡು ಕಟ್ಟಿಹಾಕಿದಾಗ ತುದಿ, ಬುಡದ ಚಲನೆಯ ಸುಮಾರು 50 ಪಟ್ಟು, ಅಂದರೆ 25 ಮಿ.ಮೀ. ತೂಗುತ್ತದೆ. ಗುಂಡು ಬಿಟ್ಟಾಗ ಸುಮಾರು 6 ಪಟ್ಟು, 3 ಮಿ.ಮೀ. ಆಸುಪಾಸು. ಇಳಿಕೆ ಶೇ 87ಕ್ಕಿಂತ ತುಸು ಹೆಚ್ಚು. ಮಾಡಿದ ಮಾದರಿಯಲ್ಲಿ ಎರಡು ತಗ್ಗು ಶಿಖರಗಳು ಸಮ ಎತ್ತರಕ್ಕೆ ಬಂದರೆ ಹೊಂದಾಣಿಕೆ ಸರಿ. ಎಡದ್ದು ಎತ್ತರವಾಗಿದ್ದರೆ ದಾರವನ್ನು ಉದ್ದ ಮಾಡಬೇಕು, ಬಲದ್ದಾದರೆ ಗಿಡ್ಡ. ಈ ಹೊತ್ತಿಗೆ ಗುಂಡು ಕಟ್ಟಡಕ್ಕಿಂತ ಸುಮಾರು ನಾಲ್ಕು ಪಟ್ಟು ದೂರ ತೂಗುತ್ತಿರುತ್ತದೆ. ಚೌಕಟ್ಟಿಗೆ ಬಡಿಯದಷ್ಟು ಜಾಗ ಬಿಟ್ಟಿರಬೇಕು.

ಈ ಫಲಿತಾಂಶ ಕಟ್ಟಡದ ಮೊದಲ, ನಿಧಾನದ ತೂಗಾಟಕ್ಕೆ ಮಾತ್ರ ಅನ್ವಯ. ನಡು ಒಂದು ಕಡೆ ಬಾಗಿ ತುದಿ ಇನ್ನೊಂದು ಕಡೆ ಹೋಗುವ ಎರಡನೆಯ ಬಗೆಯ ವೇಗದ ಕಂಪನವನ್ನು ಈ ಗುಂಡು ತಡೆಯುವುದಿಲ್ಲ. ತೂಕ ಕಡಿಮೆಯಾದರೂ ಲಾಭ ಕುಗ್ಗುತ್ತದೆ: 50 ಗ್ರಾಂ ಬದಲು 10 ಗ್ರಾಂ ಗುಂಡನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ತುದಿಯ ತೂಗಾಟ 50 ಗ್ರಾಂ ಗುಂಡು ಇದ್ದಾಗಿನ ಸರಿಸುಮಾರು ಎರಡು ಪಟ್ಟಾಗುತ್ತದೆ.